ಅರವತ್ತರ ಆಸುಪಾಸಿನಲ್ಲಿ ಟೆಸ್ಟೋಸ್ಟಿರಾನ್: ಯಾರಿಗೆ ಬೇಕು, ಯಾರಿಗೆ ಬೇಡ

ಹೆಂಗಸರಿಗೆ ಮುಟ್ಟು ನಿಲ್ಲುವ ಹೊತ್ತಿಗೆ ಕೆಲವೇ ವರ್ಷಗಳಲ್ಲಿ ಈಸ್ಟ್ರೋಜನ್ ಥಟ್ಟನೆ ಇಳಿಯುತ್ತದೆ. ಎಲ್ಲ ಹೆಂಗಸರಿಗೂ ಇದು ಆಗುತ್ತದೆ. ಗಂಡಸರಲ್ಲಿ ಹಾಗೆ ಆಗುವುದಿಲ್ಲ. ನಲವತ್ತು ದಾಟಿದ ಮೇಲೆ ಗಂಡಸರ ಮುಖ್ಯ ಹಾರ್ಮೋನಾದ ಟೆಸ್ಟೋಸ್ಟಿರಾನ್ ಬಹಳ ನಿಧಾನವಾಗಿ ಇಳಿಯುತ್ತದೆ, ಎಂಬತ್ತರಲ್ಲೂ ನಾರ್ಮಲ್ ಇರುವವರು ಬೇಕಾದಷ್ಟು ಜನ ಇದ್ದಾರೆ. ಆದರೂ ಸುಸ್ತು, ಬೇಸರ, ಹೊಟ್ಟೆ ಬಂತು ಅಂದರೆ ಸಾಕು, ‘ಆಂಡ್ರೋಪಾಸ್’, ಅಂದರೆ ಗಂಡಸರ ಮೆನೋಪಾಸ್, ಅನ್ನುತ್ತಾರೆ. ಪರೀಕ್ಷೆಗೆ ಓದುವಾಗ ಈ ಮಾತನ್ನು ಪಕ್ಕಕ್ಕಿಟ್ಟು, ವಯಸ್ಸಾದ ಮೇಲೆ ವೃಷಣದ ಹಾರ್ಮೋನ್ ಸಾಲದೆ ಬರುವ ಹೈಪೋಗೊನಾಡಿಸಂ ಅನ್ನೋ ನಿಜವಾದ ಕಾಯಿಲೆಯನ್ನು ಹೇಗೆ ಗುರುತಿಸುತ್ತಾರೆ ಅಂತ ನೋಡೋಣ.

ಇಲ್ಲಿ ನೆನಪಿಡಬೇಕಾದ್ದು ಯುರೋಪಿನ ಎಮಾಸ್ ಅಧ್ಯಯನ, 2010ರಲ್ಲಿ ಪ್ರಕಟವಾದದ್ದು. 40ರಿಂದ 79 ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಗಂಡಸರಲ್ಲಿ ಯಾವ ಲಕ್ಷಣಗಳು ಕಡಿಮೆ ಹಾರ್ಮೋನಿನ ಜೊತೆ ನಿಜಕ್ಕೂ ಹೊಂದಿಕೊಳ್ಳುತ್ತವೆ ಅಂತ ಹುಡುಕಿದರು. ಗಟ್ಟಿಯಾಗಿ ನಿಂತದ್ದು ಮೂರೇ: ಬೆಳಗಿನ ನಿಮಿರುವಿಕೆ ಕಡಿಮೆಯಾಗುವುದು, ಲೈಂಗಿಕ ಆಸೆ ತಗ್ಗುವುದು, ನಿಮಿರುವಿಕೆಯ ತೊಂದರೆ. ಸುಸ್ತು, ಬೇಜಾರು ಈ ಪಟ್ಟಿಯಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಕಾಯಿಲೆ ಅನ್ನಬೇಕಾದರೆ ಮೂರೂ ಲಕ್ಷಣ ಇರಬೇಕು. ಜೊತೆಗೆ ಒಟ್ಟು ಟೆಸ್ಟೋಸ್ಟಿರಾನ್ ಡೆಸಿಲೀಟರಿಗೆ ಸುಮಾರು 320 ನ್ಯಾನೊಗ್ರಾಂಗಿಂತ, ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಫ್ರೀ ಟೆಸ್ಟೋಸ್ಟಿರಾನ್ ಲೀಟರಿಗೆ 220 ಪಿಕೋಮೋಲ್‌ಗಿಂತ ಕಡಿಮೆ ಇರಬೇಕು. ಈ ಅಳತೆಗೆ ಸಿಕ್ಕವರು ನೂರಕ್ಕೆ ಇಬ್ಬರಷ್ಟೇ. ಐವತ್ತರ ದಶಕದವರಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ.

ಈಗ ಇದನ್ನು ಒಂದು ಕಲ್ಪಿತ ಕೇಸಿಗೆ ಹಚ್ಚಿ ನೋಡೋಣ. 58 ವರ್ಷದವರು, 92 ಕೆಜಿ, ಎತ್ತರ 168 ಸೆಂಟಿಮೀಟರ್. ಸದಾ ಸುಸ್ತು, ಮಧ್ಯಾಹ್ನ ಕೂತಲ್ಲೇ ತೂಕಡಿಕೆ, ಆಸೆಯೂ ಸ್ವಲ್ಪ ಕಡಿಮೆ. ಆದರೆ ಬೆಳಗಿನ ನಿಮಿರುವಿಕೆ ಇದೆ. ಫುಲ್ ಬಾಡಿ ಚೆಕಪ್‌ಗೆ ಊಟ ಮಾಡಿ ಸಂಜೆ ನಾಲ್ಕಕ್ಕೆ ರಕ್ತ ಕೊಟ್ಟಿದ್ದಾರೆ. ರಿಪೋರ್ಟಿನಲ್ಲಿ 265, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಕಡಿಮೆ’.

ಎಡವುವುದು ಇಲ್ಲೇ. ಟೆಸ್ಟೋಸ್ಟಿರಾನ್ ಬೆಳಿಗ್ಗೆ ಜಾಸ್ತಿ, ಸಂಜೆಗೆ ಕಡಿಮೆ. ಊಟವೂ ಅದನ್ನು ಇಳಿಸುತ್ತದೆ, ಜ್ವರ ಬಂದಾಗಲೂ ಇಳಿಯುತ್ತದೆ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆ, ಬೇರೆ ಬೇರೆ ಎರಡು ದಿನ ನೋಡಬೇಕು. ಇವರಿಗೆ ಹಾಗೆ ನೋಡಿದಾಗ ಬಂದದ್ದು 310 ಮತ್ತು 335. ಗಡಿಯಲ್ಲೇ ಇದೆ, ಅಲ್ವಾ? ಆದರೆ ಬೊಜ್ಜು ಇರುವವರಲ್ಲಿ ಹಾರ್ಮೋನನ್ನು ಹೊರುವ ಪ್ರೋಟೀನ್, ಅಂದರೆ ಎಸ್‌ಎಚ್‌ಬಿಜಿ, ಕಡಿಮೆ ಇರುತ್ತದೆ. ಅದರಿಂದ ಒಟ್ಟು ಅಂಕಿ ಇಳಿದಂತೆ ಕಾಣುತ್ತದೆ. ಇವರಲ್ಲಿ ಅದು ಲೀಟರಿಗೆ 16 ನ್ಯಾನೊಮೋಲ್. ಲೆಕ್ಕ ಹಾಕಿದರೆ ಫ್ರೀ ಟೆಸ್ಟೋಸ್ಟಿರಾನ್ ಸುಮಾರು 300 ಪಿಕೋಮೋಲ್. ಗಡಿಗಿಂತ ಚೆನ್ನಾಗಿ ಮೇಲಿದೆ. ಮೂರು ಲಕ್ಷಣಗಳಲ್ಲಿ ಒಂದೇ ಇದೆ, ಅದೂ ಅರ್ಧಂಬರ್ಧ. ಇದು ಹೈಪೋಗೊನಾಡಿಸಂ ಅಲ್ಲ.

ಹಾಗಾದರೆ ಸುಸ್ತು ಯಾಕೆ? ಹೆಂಡತಿಯನ್ನು ಕೇಳಿದರೆ ಗೊತ್ತಾಗುತ್ತದೆ: ಜೋರು ಗೊರಕೆ, ಮಧ್ಯೆ ಮಧ್ಯೆ ಉಸಿರು ನಿಂತಂತಾಗುತ್ತದೆ. ಸ್ಲೀಪ್ ಅಪ್ನಿಯ. ಇದಕ್ಕೆ ಚಿಕಿತ್ಸೆ ಮಾಡಿ ತೂಕ ಇಳಿಸಿದರೆ ಸುಸ್ತು ಕಡಿಮೆಯಾಗುತ್ತದೆ. ತೂಕ ಚೆನ್ನಾಗಿ ಇಳಿದರೆ ಟೆಸ್ಟೋಸ್ಟಿರಾನ್ ತಾನಾಗಿಯೇ ಏರುತ್ತದೆ.

ಸುಮ್ನೆ ಇಂಜೆಕ್ಷನ್ ಕೊಟ್ಟಿದ್ದರೆ ಏನಾಗುತ್ತಿತ್ತು ಅನ್ನೋದು ನನಗೆ ಈ ಪಾಠದ ಮುಖ್ಯ ಭಾಗ ಅನಿಸುತ್ತದೆ. ಹೊರಗಿನ ಹಾರ್ಮೋನ್ ಕಂಡ ಕೂಡಲೇ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ವೃಷಣವನ್ನು ಕೆಲಸಕ್ಕೆ ಹಚ್ಚುವ ಎಲ್‌ಎಚ್ ಹಾರ್ಮೋನ್ ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣ ಕೆಲಸ ಬಿಡುತ್ತದೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಕೆಲವು ತಿಂಗಳ ಮೇಲೆ ಇಂಜೆಕ್ಷನ್ ನಿಲ್ಲಿಸಿದರೆ ಮೈಯದೇ ಉತ್ಪಾದನೆ ಮತ್ತೆ ಶುರುವಾಗಲು ತಿಂಗಳುಗಟ್ಟಲೆ ಬೇಕು. ಆ ಅವಧಿಯಲ್ಲಿ ಅವರಿಗೆ ನಿಜವಾಗಿಯೂ ಕಡಿಮೆ ಇರುತ್ತದೆ, ಮೊದಲಿಗಿಂತ ಸುಸ್ತಾಗುತ್ತದೆ. ‘ನೋಡಿ, ನನಗೆ ಅದು ಬೇಕೇ ಬೇಕಿತ್ತು’ ಅಂತ ಮತ್ತೆ ಇಂಜೆಕ್ಷನ್ನಿಗೆ ಬರುತ್ತಾರೆ. ಇಲ್ಲದ ಕಾಯಿಲೆಯನ್ನು ಚಿಕಿತ್ಸೆಯೇ ತಂದಿಟ್ಟಂತಾಯಿತು. ಜೊತೆಗೆ ರಕ್ತ ಗಟ್ಟಿಯಾಗುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, 54 ಶೇಕಡ ದಾಟಿದರೆ ನಿಲ್ಲಿಸಲೇಬೇಕು. ಅಪ್ನಿಯಾಗೆ ಚಿಕಿತ್ಸೆ ಆಗದೆ ಇದ್ದರೆ ಅದೂ ಉಲ್ಬಣಿಸಬಹುದು.

ಲಾಭವಾದರೂ ಎಷ್ಟು? 2016ರ ಟೆಸ್ಟೋಸ್ಟಿರಾನ್ ಟ್ರಯಲ್ಸ್‌ನಲ್ಲಿ 65 ದಾಟಿದ, ಹಾರ್ಮೋನ್ ನಿಜವಾಗಿಯೂ ಕಡಿಮೆ ಇದ್ದವರಿಗೆ ಕೊಟ್ಟರು. ಆಸೆ, ಲೈಂಗಿಕ ಚಟುವಟಿಕೆ ಸಾಧಾರಣ ಮಟ್ಟಿಗೆ ಸುಧಾರಿಸಿತು. ಚೈತನ್ಯದ ಅಳತೆಯಲ್ಲಿ ಡಮ್ಮಿ ಔಷಧಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. 2023ರ ಟ್ರಾವರ್ಸ್ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ, ಅದು ಸಮಾಧಾನದ ಮಾತು. ಆದರೆ ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್, ಶ್ವಾಸಕೋಶದ ರಕ್ತಗಡ್ಡೆ, ಮೂಳೆ ಮುರಿತ ಸ್ವಲ್ಪ ಜಾಸ್ತಿ ಕಂಡವು. ಅಲ್ಲಿದ್ದವರೂ ಹಾರ್ಮೋನ್ ಕಡಿಮೆ ಇದ್ದವರೇ. ನಾರ್ಮಲ್ ಇರುವವರಿಗೆ ಆ ಸಣ್ಣ ಲಾಭದ ಆಸರೆಯೂ ಇಲ್ಲ.

ಇನ್ನೊಬ್ಬರನ್ನು ನೋಡಿ. 66 ವರ್ಷ, ಮೂರೂ ಲಕ್ಷಣ ಇವೆ, ಎರಡು ಬೆಳಿಗ್ಗೆ 140 ಮತ್ತು 132. ಇವರಿಗೂ ನೇರವಾಗಿ ಇಂಜೆಕ್ಷನ್ ಬರೆಯುವಂತಿಲ್ಲ. ಮೊದಲು ಎಲ್‌ಎಚ್ ನೋಡಬೇಕು. ಅದು ಜಾಸ್ತಿ ಇದ್ದರೆ ತೊಂದರೆ ವೃಷಣದ್ದು. ಕಡಿಮೆ ಇದ್ದರೆ, ಅಥವಾ ಇಷ್ಟು ಕಡಿಮೆ ಟೆಸ್ಟೋಸ್ಟಿರಾನ್ ಇದ್ದೂ ಎಲ್‌ಎಚ್ ನಾರ್ಮಲ್ ಬಂದರೆ, ಪ್ರೊಲ್ಯಾಕ್ಟಿನ್ ಅನ್ನೋ ಪಿಟ್ಯುಟರಿ ಹಾರ್ಮೋನಿನ ಪರೀಕ್ಷೆ ಮತ್ತು ಪಿಟ್ಯುಟರಿಯ ಎಂಆರ್‌ಐ ಕೇಳಬೇಕು. ಅಲ್ಲಿ ಗಡ್ಡೆ ಇದ್ದರೆ ಅದನ್ನು ಬಿಟ್ಟು ಬರೀ ಹಾರ್ಮೋನ್ ಕೊಡುತ್ತಾ ಹೋಗುವುದು ದೊಡ್ಡ ತಪ್ಪಾಗುತ್ತದೆ.