ಸುಕ್ಕುಗಳು ಜಾಲರಿಯಲ್ಲಿ ಇರಬೇಕಾಗಿಲ್ಲ

ಡಿಜಿಟಲ್ ಶಿಲ್ಪದಲ್ಲಿ ಒಂದು ತಪ್ಪು ಕಲ್ಪನೆ ಬಲವಾಗಿ ಬೇರೂರಿದೆ. ಮುಖಗಳೆಂಬ ಕೋಟಿಗಟ್ಟಲೆ ಪುಟ್ಟ ಚಪ್ಪಟೆ ತುಂಡುಗಳ ಜಾಲರಿಯಾಗಿ ಕೆತ್ತಿದ ಜೀವಿಯನ್ನು ಡೆಸಿಮೇಟ್ ಮಾಡಿದರೆ, ಅಂದರೆ ಆ ತುಂಡುಗಳ ಸಂಖ್ಯೆಯನ್ನು ಇಳಿಸಿದರೆ, ಸುಕ್ಕುಗಳೂ ಉಳಿಯುತ್ತವೆ, ಜಾಲರಿಯೂ ಹಗುರವಾಗುತ್ತದೆ, ಆದ್ದರಿಂದ ಅದಕ್ಕೆ ಚಲನೆ ಕೊಡುವ ಮೂಳೆಗಳನ್ನು ನೇರವಾಗಿ ಜೋಡಿಸಬಹುದು ಎಂದು ಹಲವರು ನಂಬುತ್ತಾರೆ. ಈ ನಂಬಿಕೆ ಮೊಣಕಾಲು ಮಡಿಸಿದ ಕ್ಷಣದಲ್ಲೇ ಕುಸಿಯುತ್ತದೆ.

ಹಲ್ಲಿಯನ್ನು ಹೋಲುವ ನಾಲ್ಕು ಕಾಲಿನ ಜೀವಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 6,000 ಚತುರ್ಭುಜಗಳ ಆಕಾರವನ್ನು ಆರು ಬಾರಿ ಉಪವಿಭಾಗಿಸಿದರೆ, ಪ್ರತಿ ಬಾರಿಯೂ ಸಂಖ್ಯೆ ನಾಲ್ಕು ಪಟ್ಟಾಗುವುದರಿಂದ, ಸುಮಾರು 2.46 ಕೋಟಿ ಮುಖಗಳಾಗುತ್ತವೆ. ಕುತ್ತಿಗೆಯ ದಪ್ಪ ಮಡಿಕೆಗಳಿಂದ ಹಿಡಿದು ಕಣ್ಣಂಚಿನ ಒಂದು ಮಿಲಿಮೀಟರಿನ ಗೆರೆಗಳವರೆಗೆ ಎಲ್ಲವನ್ನೂ ಕೆತ್ತುವುದು ಈ ಜಾಲರಿಯಲ್ಲಿ. ಡೆಸಿಮೇಷನ್ ಇದನ್ನು ಐದು ಲಕ್ಷ ತ್ರಿಭುಜಗಳಿಗೆ ಇಳಿಸುತ್ತದೆ. ಮೈಕೇಲ್ ಗಾರ್ಲೆಂಡ್ ಮತ್ತು ಪಾಲ್ ಹೆಕ್‌ಬರ್ಟ್ 1997ರಲ್ಲಿ ವಿವರಿಸಿದ ಪ್ರಸಿದ್ಧ ವಿಧಾನವು, ಒಂದು ಅಂಚನ್ನು ಕುಗ್ಗಿಸಿದರೆ ಹೊಸ ಬಿಂದು ಹಳೆಯ ಸಮತಲಗಳಿಂದ ಎಷ್ಟು ದೂರ ಸರಿಯುತ್ತದೆ ಎಂದು ಅಳೆದು, ಕಡಿಮೆ ದೋಷ ತರುವ ಅಂಚುಗಳನ್ನು ಮೊದಲು ತೆಗೆಯುತ್ತದೆ. ಆಳವಿಲ್ಲದ ಸುಕ್ಕಿನಲ್ಲಿ ಆ ದೂರವೇ ಅತ್ಯಲ್ಪವಾದ್ದರಿಂದ ದಪ್ಪ ಮಡಿಕೆ ಉಳಿದು ಸಣ್ಣ ಗೆರೆ ಮೊದಲು ಅಳಿಯುತ್ತದೆ. ಉಳಿದ ತ್ರಿಭುಜಗಳೂ ಕೀಲಿನ ಸುತ್ತ ಬಳೆಯಂತೆ ಸಾಗದೆ ಚೆಲ್ಲಾಪಿಲ್ಲಿಯಾಗಿರುವುದರಿಂದ, ಮಡಿಸಿದಾಗ ಚರ್ಮವು ಮುರಿದ ತಗಡಿನಂತೆ ಕಾಣುತ್ತದೆ. ಹಾಗಾಗಿ ಡೆಸಿಮೇಟ್ ಆದ ಈ ಪ್ರತಿಯು ರೀಟೋಪಾಲಜಿಗೆ ಅಚ್ಚಾಗಿ ಮಾತ್ರ ಸೂಕ್ತ: ಅದರ ಮೇಲೆ ಸುಮಾರು 12,000 ಚತುರ್ಭುಜಗಳ ಹೊಸ ಜಾಲರಿಯನ್ನು ಹೆಣೆದು, ಪ್ರತಿ ಕೀಲಿಗೂ ಕನಿಷ್ಠ ಮೂರು ಬಳೆಗಳನ್ನು ಸುತ್ತಿಸಲಾಗುತ್ತದೆ.

ಹಾಗಾದರೆ ಸುಕ್ಕುಗಳು ಎಲ್ಲಿ ಉಳಿಯುತ್ತವೆ? ಈ ಪ್ರಶ್ನೆಗೆ ಉತ್ತರದ ಬೀಜ 1978ರಷ್ಟು ಹಳೆಯದು. ಸುಕ್ಕುಗಟ್ಟಿದ ಮೇಲ್ಮೈಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಬಗ್ಗೆ ಬರೆದ ಪ್ರಬಂಧದಲ್ಲಿ ಜೇಮ್ಸ್ ಬ್ಲಿನ್, ಮೇಲ್ಮೈಯನ್ನು ಕದಲಿಸದೆ ಅದರ ಲಂಬದಿಕ್ಕನ್ನು, ಅಂದರೆ ಮೇಲ್ಮೈ ಮುಖಮಾಡಿರುವ ದಿಕ್ಕನ್ನು, ಮಾತ್ರ ಓಲಿಸಿದರೂ ಕಣ್ಣಿಗೆ ಉಬ್ಬುತಗ್ಗು ಕಾಣುತ್ತದೆ ಎಂದು ತೋರಿಸಿದರು. ಸಣ್ಣ ಗೆರೆಯನ್ನು ನಾವು ಅದರ ಆಳದಿಂದಲ್ಲ, ನೆರಳುಬೆಳಕಿನಿಂದ ಗುರುತಿಸುತ್ತೇವೆ. ನೆರಳುಬೆಳಕನ್ನು ನಿರ್ಧರಿಸುವುದು ಲಂಬದಿಕ್ಕು. ನಾರ್ಮಲ್ ಮ್ಯಾಪ್ ಎಂಬ ಚಿತ್ರವು ಪ್ರತಿ ಬಿಂದುವಿನ ಲಂಬದಿಕ್ಕನ್ನು ಕೆಂಪು, ಹಸಿರು, ನೀಲಿ ಅಂಶಗಳಲ್ಲಿ ಬರೆದಿಡುತ್ತದೆ. ಆ ದಿಕ್ಕನ್ನು ‘ಉತ್ತರಕ್ಕೆ’ ಎಂಬಂತೆ ಲೋಕದ ಲೆಕ್ಕದಲ್ಲಿ ಹೇಳದೆ, ‘ನಿನ್ನ ಬಲಕ್ಕೆ’ ಎಂಬಂತೆ ಆಯಾ ಜಾಗದ ಚರ್ಮದ ಲೆಕ್ಕದಲ್ಲಿ ಹೇಳಿರುತ್ತದೆ. ದಾರಿಹೋಕ ಎತ್ತ ತಿರುಗಿದರೂ ಅವನ ಬಲಗೈ ಬಲಗೈಯಾಗಿಯೇ ಉಳಿಯುವಂತೆ, ಬಟ್ಟೆ ಮಡಿಸಿದಾಗ ಅದರ ಕಸೂತಿಯೂ ಜೊತೆಗೆ ತಿರುಗುವಂತೆ, ಮೂಳೆ ಬಾಗಿದಾಗ ಸುಕ್ಕುಗಳೂ ಚರ್ಮದೊಂದಿಗೆ ತಿರುಗುತ್ತವೆ. ಇಡೀ ಕೆಲಸ ನಿಂತಿರುವುದು ಈ ಸೊಗಸಾದ ಉಪಾಯದ ಮೇಲೆ.

ಚಿತ್ರವನ್ನು ಸಿದ್ಧಪಡಿಸುವ ಹಂತವೇ ಬೇಕಿಂಗ್. ಹೊಸ ಜಾಲರಿಯ ಹೊರಗಿನ ಕವಚದಿಂದ ಒಳಮುಖವಾಗಿ ಕಿರಣಗಳು ಹೊರಟು, 2.46 ಕೋಟಿ ಮುಖಗಳ ಮೂಲಶಿಲ್ಪವನ್ನು ಮುಟ್ಟಿ, ಅಲ್ಲಿನ ದಿಕ್ಕನ್ನು ತರುತ್ತವೆ. ಡೆಸಿಮೇಟ್ ಆದ ಪ್ರತಿಯಿಂದ ಬೇಕ್ ಮಾಡಿದರೆ ಅಳಿದ ಗೆರೆಗಳು ಮರಳುವುದಿಲ್ಲ. ಕವಚ ತೀರಾ ಬಿಗಿಯಾಗಿದ್ದರೆ ಅದರಿಂದ ಹೊರಚಾಚಿದ ಉಬ್ಬುಗಳು ತಪ್ಪಿಹೋಗುತ್ತವೆ. ಸಡಿಲವಾಗಿದ್ದರೆ ಮೇಲ್ದುಟಿಯ ಕಿರಣ ಕೆಳದುಟಿಯನ್ನು ಮುಟ್ಟಿ, ಬಾಯಂಚಿನಲ್ಲಿ ಕಲೆ ಮೂಡುತ್ತದೆ. ಬಾಯನ್ನು ತುಸು ತೆರೆದು ಕೆತ್ತುವುದು ಇದೇ ಕಾರಣಕ್ಕೆ.

ಚಿತ್ರದ ಗಾತ್ರವನ್ನೂ ಲೆಕ್ಕಹಾಕಬೇಕು. 4096×4096ರ ಚಿತ್ರದಲ್ಲಿ ಸುಮಾರು 1.68 ಕೋಟಿ ಬಿಂದುಗಳಿದ್ದು, ಚರ್ಮದ ತುಂಡುಗಳು ಶೇ. 70ರಷ್ಟು ಜಾಗವನ್ನು ತುಂಬಿದರೆ 1.17 ಕೋಟಿ ಬಿಂದುಗಳು ಬಳಕೆಗೆ ಸಿಗುತ್ತವೆ. ಜೀವಿಯ ಚರ್ಮ ಎರಡು ಚದರ ಮೀಟರ್ ಎಂದಾದರೆ, ಒಂದು ಬಿಂದು ಸುಮಾರು 0.4 ಮಿಲಿಮೀಟರ್ ಅಗಲವನ್ನು ಆವರಿಸುತ್ತದೆ. ಒಂದು ಮಿಲಿಮೀಟರಿನ ಗೆರೆಗೆ ಎರಡೂವರೆ ಬಿಂದುಗಳು ಸಾಲವು, ಗೆರೆ ಮಸುಕಾಗುತ್ತದೆ. 0.2 ಚದರ ಮೀಟರಿನ ತಲೆಗೆ ಪ್ರತ್ಯೇಕ ಚಿತ್ರವನ್ನು ಕೊಟ್ಟರೆ ಅದೇ ಗೆರೆಗೆ ಏಳೆಂಟು ಬಿಂದುಗಳು ದಕ್ಕುತ್ತವೆ. ಸುಕ್ಕು ಕಳೆದುಹೋಯಿತು ಎಂಬ ದೂರಿನ ಹಿಂದೆ ಈ ಭಾಗಾಕಾರವನ್ನು ಮಾಡದಿರುವುದೇ ಕಾರಣವಾಗಿರುವುದುಂಟು.

ಗೆರೆಗಳೆಲ್ಲ ತಗ್ಗುವ ಬದಲು ಉಬ್ಬಿದಂತೆ ಕಂಡರೆ ನಾರ್ಮಲ್ ಮ್ಯಾಪಿನ ಹಸಿರು ಅಂಶ ತಲೆಕೆಳಗಾಗಿದೆಯೇ ಎಂದು ಪರೀಕ್ಷಿಸಬೇಕು, ಏಕೆಂದರೆ ಓಪನ್‌ಜಿಎಲ್ ಮತ್ತು ಡೈರೆಕ್ಟ್‌ಎಕ್ಸ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಗಳ ರೂಢಿಗಳು ಅದನ್ನು ವಿರುದ್ಧ ದಿಕ್ಕಿನಲ್ಲಿ ಓದುತ್ತವೆ.

ನಾರ್ಮಲ್ ಮ್ಯಾಪ್ ಜೀವಿಯ ಹೊರರೇಖೆಯನ್ನು ಬದಲಿಸುವುದಿಲ್ಲ. ಆದ್ದರಿಂದ ಪಕ್ಕದಿಂದ ನೋಡಿದಾಗಲೂ ಎದ್ದುಕಾಣಬೇಕಾದ ಕುತ್ತಿಗೆಯ ಮಡಿಕೆಯನ್ನು ಜಾಲರಿಯಲ್ಲೇ ಹೆಣೆಯಬೇಕು, ಇಲ್ಲವೇ ಮೇಲ್ಮೈಯನ್ನೇ ಸರಿಸುವ ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್‌ಗೆ ವಹಿಸಬೇಕು. ಬೇಕ್ ಆದ ಸುಕ್ಕು ಚರ್ಮದೊಂದಿಗೆ ತಿರುಗುತ್ತದೆಯೇ ಹೊರತು, ಮೊಣಕಾಲು ಮಡಿಸಿದಷ್ಟೂ ತಾನಾಗಿ ಆಳವಾಗುವುದಿಲ್ಲ. ಅದು ಬೇಕೆಂದಾದರೆ ಕಾಲು ಮಡಿಸಿದ ಭಂಗಿಯ ಸುಕ್ಕುಗಳನ್ನು ಬೇರೆಯಾಗಿ ಕೆತ್ತಿ, ಅದೇ ಜಾಲರಿಗೆ ಎರಡನೆಯ ಚಿತ್ರವಾಗಿ ಬೇಕ್ ಮಾಡಿ, ಕೀಲಿನ ಕೋನ ಹೆಚ್ಚಿದಂತೆ ಮೊದಲನೆಯದರಿಂದ ಎರಡನೆಯದಕ್ಕೆ ಸರಿಯುವಂತೆ ಮೂಳೆಗಳ ಚೌಕಟ್ಟಾದ ರಿಗ್ಗಿನಲ್ಲಿ ಜೋಡಿಸಲಾಗುತ್ತದೆ.