ಪದ ಪರಿಚಯ: ಹ್ಯಾಂಡೋವರ್ ನೋಟ್

ಸರ್ಕಾರಿ ಕಚೇರಿಯಿಂದ ವರ್ಗವಾಗಿ ಹೋಗುವವರು ‘ಚಾರ್ಜ್ ಕೊಟ್ಟೆ’ ಎನ್ನುತ್ತಾರೆ, ಆ ಜಾಗಕ್ಕೆ ಬಂದವರು ‘ಚಾರ್ಜ್ ತಗೊಂಡೆ’ ಎನ್ನುತ್ತಾರೆ. ಖಾಸಗಿ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಹ್ಯಾಂಡೋವರ್ ಎಂಬ ಮಾತು ಬಳಕೆಗೆ ಬಂದಿದೆ. ಕೆಲಸ ಬಿಡುವವರು ಅದನ್ನು ವಹಿಸಿಕೊಳ್ಳುವ ಸಹೋದ್ಯೋಗಿಗೆ ಬರೆದುಕೊಡುವ ಟಿಪ್ಪಣಿಯೇ ಹ್ಯಾಂಡೋವರ್ ನೋಟ್. ಇಲ್ಲಿ ಅದರ ಒಂದು ಬಗೆಯನ್ನಷ್ಟೇ ನೋಡೋಣ: ಒಬ್ಬರು ನೋಡಿಕೊಳ್ಳುತ್ತಿದ್ದ ಇನ್‌ಬಾಕ್ಸ್ ಇನ್ನೊಬ್ಬರ ಕೈಗೆ ಹೋಗುವಾಗ ಬರೆಯುವ ನೋಟ್.

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದನ್ನು ‘ಕೆಟಿ’, ಅಂದರೆ ನಾಲೆಜ್ ಟ್ರಾನ್ಸ್‌ಫರ್‌ನ ಜೊತೆ ಬೆರೆಸಿಬಿಡುವುದುಂಟು. ಎರಡೂ ಒಂದಲ್ಲ. ಕೆಲಸವನ್ನು ಹೇಗೆ ಮಾಡಬೇಕು ಎಂಬುದು ಕೆಟಿಯಲ್ಲಿ ಬರುತ್ತದೆ, ಅದು ಆರು ತಿಂಗಳಾದರೂ ಹಳೆಯದಾಗುವುದಿಲ್ಲ. ಆ ಕೆಲಸ ಇವತ್ತು ಎಲ್ಲಿಗೆ ಬಂದು ನಿಂತಿದೆ ಎಂಬುದು ಹ್ಯಾಂಡೋವರ್ ನೋಟಿನಲ್ಲಿ ಬರುತ್ತದೆ, ಅದು ಒಂದು ತಿಂಗಳಲ್ಲೇ ಹಳತಾಗುತ್ತದೆ. ಆದ್ದರಿಂದ ನೋಟಿನ ಮೇಲ್ಗಡೆ ‘ಯಾವ ದಿನದವರೆಗಿನ ಸ್ಥಿತಿ’ ಎಂದು ದಿನಾಂಕ ಇರಲೇಬೇಕು.

ಏನು ಬರೆಯಬೇಕು ಎಂಬುದಕ್ಕೆ ಒಂದು ಅಳತೆಗೋಲಿದೆ. ಇನ್‌ಬಾಕ್ಸ್ ತೆರೆದವರಿಗೆ ತಾನಾಗಿ ಕಾಣುವುದನ್ನು ಬರೆಯಬೇಕಿಲ್ಲ, ಕಾಣದೆ ಇರುವುದನ್ನು ಬರೆಯಬೇಕು. ಕಾಣದವು ಮುಖ್ಯವಾಗಿ ಮೂರು. ಬಂದ ಮೇಲ್‌ಗಳನ್ನು ತಾನಾಗಿ ವಿಂಗಡಿಸುವ ರೂಲ್‌ಗಳು ಬೇರೆಡೆಗೆ ಸಾಗಿಸಿದ ಮೇಲ್‌ಗಳು, ಫೋನಿನಲ್ಲಿ ಆಗಿ ಮೇಲ್‌ನಲ್ಲಿ ದಾಖಲಾಗದ ಮಾತುಗಳು, ಮತ್ತು ಯಾರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ತಿಳಿವಳಿಕೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಭಾಗ ತಯಾರಿಸುವ ಒಂದು ಕಂಪನಿಯಿದೆ, ಅಲ್ಲಿ ಪೂರೈಕೆದಾರರ ಬಿಲ್‌ಗಳು ಬರುವ ಅಕೌಂಟ್ಸ್ ಮೇಲ್‌ಬಾಕ್ಸನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಒಂದೊಂದನ್ನೇ ಬಿಡಿಸೋಣ.

ಮೊದಲನೆಯದು ರೂಲ್‌ಗಳು. ಔಟ್‌ಲುಕ್‌ನಲ್ಲಿ ಇವಕ್ಕೆ ರೂಲ್ ಎಂದೂ ಜಿಮೇಲ್‌ನಲ್ಲಿ ಫಿಲ್ಟರ್ ಎಂದೂ ಹೆಸರು. ವಿಷಯದ ಸಾಲಿನಲ್ಲಿ ‘Invoice’ ಎಂದಿದ್ದರೆ ‘ಬಿಲ್’ ಫೋಲ್ಡರಿಗೆ ಹಾಕು, ಓದಿದ್ದೆಂದು ಗುರುತು ಮಾಡು ಎಂಬ ಒಂದು ರೂಲ್ ಇದೆ ಎಂದಿಟ್ಟುಕೊಳ್ಳಿ. ಅದನ್ನು ಮಾಡಿಕೊಂಡವರು ದಿನಾ ಸಂಜೆ ಆ ಫೋಲ್ಡರ್ ತೆರೆದು ನೋಡುತ್ತಿದ್ದರು. ಹೊಸಬರಿಗೆ ಆ ಅಭ್ಯಾಸ ಇಲ್ಲ. ಮೇಲ್‌ಗಳಿಗೆ ಓದಿದ ಗುರುತು ಬಿದ್ದಿರುವುದರಿಂದ ಫೋಲ್ಡರಿನ ಪಕ್ಕದಲ್ಲಿ ಸಂಖ್ಯೆಯೂ ಕಾಣುವುದಿಲ್ಲ. ಇನ್‌ಬಾಕ್ಸ್ ಖಾಲಿಯಾಗಿದೆ, ಎಲ್ಲ ಸರಿಯಾಗಿದೆ ಎಂದುಕೊಂಡು ಎರಡು ವಾರ ಕಳೆದ ಮೇಲೆ ಪೂರೈಕೆದಾರರ ಫೋನ್ ಬರುತ್ತದೆ. ಹಾಗಾಗಿ ಪ್ರತಿ ರೂಲ್‌ಗೂ ನೋಟಿನಲ್ಲಿ ನಾಲ್ಕು ಮಾತು ಬೇಕು: ಅದು ಯಾವ ಮೇಲ್ ಹಿಡಿಯುತ್ತದೆ, ಎಲ್ಲಿಗೆ ಒಯ್ಯುತ್ತದೆ, ಅಲ್ಲಿ ಎಷ್ಟು ದಿನಕ್ಕೊಮ್ಮೆ ನೋಡಬೇಕು, ಯಾಕೆ ಮಾಡಿದ್ದು. ಹೆಚ್ಚಿನವರು ಈ ಕೊನೆಯದನ್ನು ಬಿಟ್ಟುಬಿಡುತ್ತಾರೆ. ಆದರೆ ಯಾಕೆ ಎಂಬುದು ಗೊತ್ತಿಲ್ಲದ ರೂಲನ್ನು ಅಳಿಸಲೂ ಧೈರ್ಯ ಬರುವುದಿಲ್ಲ, ಉಳಿಸಿಕೊಂಡರೂ ಉಪಯೋಗವಾಗುವುದಿಲ್ಲ.

ಔಟ್‌ಲುಕ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಲವು ರೂಲ್‌ಗಳು ಸರ್ವರ್‌ನಲ್ಲೇ ನಡೆಯುತ್ತವೆ. ಮೇಲ್ ಪ್ರಿಂಟ್ ಮಾಡುವುದು, ಕಂಪ್ಯೂಟರಿನಲ್ಲೇ ಇರುವ ಪಿಎಸ್‌ಟಿ ಕಡತಕ್ಕೆ ಸಾಗಿಸುವುದು ಇಂಥವು ಮಾತ್ರ ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್ ತೆರೆದಿದ್ದಾಗಷ್ಟೇ ನಡೆಯುತ್ತವೆ. ಪಟ್ಟಿಯಲ್ಲಿ ಇವುಗಳ ಹೆಸರಿನ ಮುಂದೆ ‘client-only’ ಎಂದಿರುತ್ತದೆ. ಬಿಟ್ಟುಹೋಗುವವರ ಲ್ಯಾಪ್‌ಟಾಪ್ ಐಟಿಯವರ ಕೈಸೇರಿದ ದಿನವೇ ಇವು ನಿಲ್ಲುತ್ತವೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ರೂಲ್‌ಗಳ ಕ್ರಮವೂ ಮುಖ್ಯ. ಮೇಲಿನ ರೂಲಿನಲ್ಲಿ ‘Stop processing more rules’ ಎಂಬ ಗುರುತಿದ್ದು ಒಂದು ಮೇಲ್ ಅದಕ್ಕೆ ಸಿಕ್ಕಿತೆಂದರೆ, ಕೆಳಗಿನ ರೂಲ್‌ಗಳ ತನಕ ಆ ಮೇಲ್ ಬರುವುದೇ ಇಲ್ಲ. ಆದ್ದರಿಂದ ನೋಟಿನಲ್ಲಿ ರೂಲ್‌ಗಳನ್ನು ಇರುವ ಕ್ರಮದಲ್ಲೇ ಬರೆಯಬೇಕು. ನೆನಪಿನಿಂದ ಬರೆದರೆ ಒಂದೆರಡು ತಪ್ಪಿಹೋಗುತ್ತವೆ. ಮೈಕ್ರೋಸಾಫ್ಟ್ 365 ಬಳಸುವ ಕಡೆ ಐಟಿಯವರನ್ನು ಕೇಳಿದರೆ ಈ ಆದೇಶದಿಂದ ಪಟ್ಟಿ ತೆಗೆದುಕೊಡುತ್ತಾರೆ:

```
Get-InboxRule -Mailbox accounts@example.com |
  Format-List Name,Priority,Enabled,Description
```

ಜಿಮೇಲ್‌ನಲ್ಲಿ ಸೆಟ್ಟಿಂಗ್ಸ್‌ನ ‘Filters and Blocked Addresses’ ಪುಟದಲ್ಲಿ ಫಿಲ್ಟರ್‌ಗಳನ್ನು ಆರಿಸಿ ಎಕ್ಸ್‌ಪೋರ್ಟ್ ಒತ್ತಿದರೆ ಒಂದು ಎಕ್ಸ್‌ಎಂಎಲ್ ಕಡತ ಸಿಗುತ್ತದೆ. ಅದನ್ನು ಹೊಸಬರ ಖಾತೆಗೆ ಇಂಪೋರ್ಟ್ ಮಾಡಬಹುದು. ಅಲ್ಲಿ ಇನ್ನೂ ಒಂದು ಕಣ್ಮರೆಯ ಜಾಗವಿದೆ. ‘ನಂತರ ನೆನಪಿಸು’ ಎಂದು ಸ್ನೂಜ್ ಮಾಡಿಟ್ಟ ಮೇಲ್ ಆ ದಿನ ಬರುವವರೆಗೆ ಇನ್‌ಬಾಕ್ಸಿನಲ್ಲಿ ಇರುವುದಿಲ್ಲ. ಹುಡುಕುವ ಜಾಗದಲ್ಲಿ `in:snoozed` ಎಂದೂ, ಮುಂದೆ ಹೋಗಲೆಂದು ಸಮಯ ಹೊಂದಿಸಿಟ್ಟವಕ್ಕೆ `in:scheduled` ಎಂದೂ ಕೊಟ್ಟು ಒಮ್ಮೆ ನೋಡಬೇಕು. ಬಣ್ಣದ ಗುರುತು, ನಕ್ಷತ್ರಗಳ ಅರ್ಥವನ್ನೂ ಒಂದು ಸಾಲಿನಲ್ಲಿ ಹೇಳಿಬಿಡುವುದು ಒಳ್ಳೆಯದು.

ಎರಡನೆಯದು ಓಪನ್ ಥ್ರೆಡ್‌ಗಳು, ಅಂದರೆ ಇನ್ನೂ ಮುಗಿಯದ ಮೇಲ್ ಮಾತುಕತೆಗಳು. ನೋಟ್ ಸೋಲುವುದು ಹೆಚ್ಚಾಗಿ ಇಲ್ಲೇ. ‘ಬುಶ್ ಪೂರೈಕೆದಾರರ ಬಿಲ್ ಪೆಂಡಿಂಗ್ ಇದೆ, ಫಾಲೋ ಅಪ್ ಮಾಡಿ’ ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. ಯಾರು ಯಾರಿಗಾಗಿ ಕಾಯುತ್ತಿದ್ದಾರೆ, ಯಾವ ದಿನದೊಳಗೆ ಏನಾಗಬೇಕು, ಆಗದಿದ್ದರೆ ಏನು ನಷ್ಟ, ಈ ಮೂರೂ ಅದರಲ್ಲಿಲ್ಲ. ಅದೇ ವಿಷಯವನ್ನು ಸರಿಯಾಗಿ ಬರೆದರೆ ಹೀಗಿರುತ್ತದೆ:

‘ಹಿತ್ತಾಳೆ ಬುಶ್, 400 ನಗ, ನಗಕ್ಕೆ ₹460. ಬಿಲ್ ₹1,84,000, 18% ಜಿಎಸ್‌ಟಿ ₹33,120, ಒಟ್ಟು ₹2,17,120. ಸರಕು ಬಂದದ್ದು ಜೂನ್ 6. ತಪಾಸಣೆಯಲ್ಲಿ 12 ನಗ ರಿಜೆಕ್ಟ್. ಜೂನ್ 11ರಂದು ಮೇಲ್‌ನಲ್ಲಿ ತಿಳಿಸಿದ್ದೇನೆ, ವಿಷಯದ ಸಾಲು “Rejection – Brass bush”. ಆ 12 ನಗಕ್ಕೆ ಜಿಎಸ್‌ಟಿ ಸೇರಿ ₹6,513.60ರ ಕ್ರೆಡಿಟ್ ನೋಟ್ ಕೊಡಲು ಅವರ ಅಕೌಂಟ್ಸ್‌ನವರು ಫೋನಿನಲ್ಲಿ ಒಪ್ಪಿದ್ದಾರೆ, ಮೇಲ್‌ನಲ್ಲಿ ಇನ್ನೂ ಬರೆದಿಲ್ಲ. ಈಗ ಚೆಂಡು ಅವರ ಅಂಗಳದಲ್ಲಿದೆ. ಜುಲೈ 5ರೊಳಗೆ ಬಾರದಿದ್ದರೆ ನೀವು ಫೋನ್ ಮಾಡಿ. ಕ್ರೆಡಿಟ್ ನೋಟ್ ಬಂದ ಮೇಲೆ ಕೊಡಬೇಕಾದದ್ದು ₹2,10,606.40. ಸಣ್ಣ ಉದ್ಯಮ, ಉದ್ಯಮ್ ನೋಂದಣಿ ಇದೆ, ಪರ್ಚೇಸ್ ಆರ್ಡರಿನಲ್ಲಿ ಹಣ ಕೊಡಲು 45 ದಿನ. ಕೊನೆಯ ದಿನ ಜುಲೈ 21 ಎಂದೇ ಹಿಡಿಯಿರಿ.’

ಇದರಲ್ಲಿ ಹೆಚ್ಚಿನ ಬೆಲೆಯಿರುವುದು ‘ಫೋನಿನಲ್ಲಿ ಒಪ್ಪಿದ್ದಾರೆ’ ಎಂಬ ಮಾತಿಗೆ. ಮೇಲ್‌ಬಾಕ್ಸನ್ನು ಎಷ್ಟು ಜಾಲಾಡಿದರೂ ಹೊಸಬರಿಗೆ ಅದು ಸಿಗುವುದಿಲ್ಲ. ನೋಟ್ ಬರೆಯುವಾಗ ಇಂಥ ಮಾತು ನೆನಪಾದರೆ, ಆವತ್ತೇ ಪೂರೈಕೆದಾರರಿಗೆ ‘ನಾವು ಮಾತಾಡಿಕೊಂಡಂತೆ’ ಎಂದು ಒಂದು ಮೇಲ್ ಕಳಿಸಿ ಹೊಸಬರನ್ನು ಸಿಸಿಯಲ್ಲಿ ಸೇರಿಸುವುದು ಉತ್ತಮ. ಒಪ್ಪಿದವರು ಮುಂದೆ ಇಲ್ಲವೆನ್ನುವುದು ಕಷ್ಟವಾಗುತ್ತದೆ.

ಕೊನೆಯ ದಿನವನ್ನು ಅಷ್ಟು ಖಚಿತವಾಗಿ ಬರೆದದ್ದಕ್ಕೂ ಕಾರಣವಿದೆ. 2006ರ ಎಂಎಸ್‌ಎಂಇಡಿ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ತಡವಾಗಿ ಹಣ ಕೊಡುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಸರಕಿನ ಬಗ್ಗೆ ತಕರಾರಿದ್ದರೆ ಅದು ಬಂದ 15 ದಿನದೊಳಗೆ ಬರಹದಲ್ಲಿ ತಿಳಿಸಿರಬೇಕು, ಇಲ್ಲದಿದ್ದರೆ ಸರಕು ಬಂದ ದಿನವೇ ಒಪ್ಪಿಕೊಂಡಂತೆ. ಜೂನ್ 11ರ ಮೇಲ್‌ನ ವಿಷಯದ ಸಾಲನ್ನೂ ನೋಟಿನಲ್ಲಿ ಕೊಟ್ಟದ್ದು ಇದಕ್ಕೇ. ಕೆಲವರು ವಿಷಯದ ಸಾಲಿನ ಬದಲು ಮೇಲ್‌ನ ಲಿಂಕನ್ನು ಅಂಟಿಸುತ್ತಾರೆ. ಸ್ವಂತ ಖಾತೆಯಲ್ಲಿ ಅದು ತೆರೆಯುತ್ತದೆ, ಹೊಸಬರ ಖಾತೆಯಲ್ಲಿ ತೆರೆಯುವುದಿಲ್ಲ. ಕಳಿಸಿದವರು, ದಿನಾಂಕ, ವಿಷಯದ ಸಾಲು ಇದ್ದರೆ ಯಾವ ಖಾತೆಯಲ್ಲಿ ಹುಡುಕಿದರೂ ಸಿಗುತ್ತದೆ.

ಮುಗಿಯದ ಥ್ರೆಡ್‌ಗಳು ನಲವತ್ತಿದ್ದರೆ ನಲವತ್ತಕ್ಕೂ ಹೀಗೆ ಬರೆಯಬೇಕಿಲ್ಲ. ಹಣ, ಗಡುವು ಅಥವಾ ಜಗಳ, ಈ ಮೂರರಲ್ಲಿ ಒಂದಾದರೂ ಇರುವ ಥ್ರೆಡ್‌ಗೆ ವಿವರ ಬೇಕು. ಸಾಮಾನ್ಯವಾಗಿ ಅಂಥವು ಎಂಟೋ ಹತ್ತೋ ಇರುತ್ತವೆ. ಉಳಿದವಕ್ಕೆ ತಲಾ ಒಂದು ಸಾಲು ಸಾಕು. ಉತ್ತರ ಬೇಡದ ಹಳೆಯ ಥ್ರೆಡ್‌ಗಳನ್ನು ಬಿಟ್ಟುಹೋಗುವವರೇ ಮುಚ್ಚಿಬಿಡುವುದು ನ್ಯಾಯ.

ಮೂರನೆಯದು ಸಂಪರ್ಕಗಳು. ಹೆಸರು, ಹುದ್ದೆ, ನಂಬರ್ ಇಷ್ಟೇ ಇದ್ದರೆ ಅದು ಟೆಲಿಫೋನ್ ಡೈರೆಕ್ಟರಿ. ಯಾವ ಕೆಲಸಕ್ಕೆ ಯಾರು, ಅವರು ಮೇಲ್‌ಗೆ ಉತ್ತರಿಸುವವರೋ ಫೋನಿಗೆ ಮಾತ್ರವೋ, ಅವರು ಸಿಗದಿದ್ದರೆ ಮುಂದೆ ಯಾರು, ಇಷ್ಟನ್ನೂ ಹೇಳಬೇಕು. ಕಂಪನಿಯ ಒಳಗಿನವರಲ್ಲಿ ಎಷ್ಟು ರೂಪಾಯಿಯವರೆಗೆ ಯಾರು ಅನುಮೋದನೆ ಕೊಡಬಹುದು ಎಂಬುದನ್ನೂ ಬರೆಯಬೇಕು.

ಅಕೌಂಟ್ಸ್ ಮೇಲ್‌ಬಾಕ್ಸ್ ಆದರೆ ಇಲ್ಲಿ ಇನ್ನೊಂದು ಮುಖ್ಯ ಮಾತು ಸೇರುತ್ತದೆ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಕಳಿಸಿ’ ಎಂದು ಪೂರೈಕೆದಾರರ ಹೆಸರಿನಲ್ಲಿ ಮೋಸದ ಮೇಲ್ ಬರುವುದಿದೆ. ಹಳಬರಾದರೆ ಭಾಷೆ ನೋಡಿಯೇ ಅನುಮಾನಪಟ್ಟಾರು. ಹೊಸಬರಿಗೆ ಯಾವುದೂ ಪರಿಚಿತವಲ್ಲ, ಎಲ್ಲ ಪೂರೈಕೆದಾರರೂ ಅವರಿಗೆ ಹೊಸಬರೇ. ಆದ್ದರಿಂದ ಖಾತೆ ಬದಲಾವಣೆ ಕೇಳಿ ಮೇಲ್ ಬಂದರೆ ಯಾವ ನಂಬರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು ಎಂದು ಪ್ರತಿ ಪೂರೈಕೆದಾರರ ಮುಂದೆಯೂ ಬರೆದಿರಬೇಕು. ಆ ನಂಬರ್ ಹಳೆಯ ಪರ್ಚೇಸ್ ಆರ್ಡರ್ ಅಥವಾ ಒಪ್ಪಂದದಿಂದ ತೆಗೆದದ್ದಾಗಿರಬೇಕು. ಬಂದ ಮೇಲ್‌ನಲ್ಲೇ ಇರುವ ನಂಬರಿಗೆ ಮಾಡಿದರೆ ಮೋಸಗಾರರೇ ಎತ್ತಿಕೊಂಡು ‘ಹೌದು’ ಎನ್ನುತ್ತಾರೆ.

ಪಾಸ್‌ವರ್ಡ್‌ಗಳನ್ನು ನೋಟಿನಲ್ಲಿ ಬರೆಯಬಾರದು. ಅದರ ಬದಲು ಎಲ್ಲರೂ ಮರೆಯುವ ಒಂದನ್ನು ಬರೆಯಬೇಕು: ಯಾವ ಯಾವ ಪೋರ್ಟಲ್‌ನ ಒಟಿಪಿ ಯಾರ ಮೊಬೈಲಿಗೆ ಬರುತ್ತದೆ. ಗ್ರಾಹಕ ಕಂಪನಿಗಳ ವೆಂಡರ್ ಪೋರ್ಟಲ್, ಬ್ಯಾಂಕ್, ಜಿಎಸ್‌ಟಿ, ಇವುಗಳಲ್ಲಿ ಎಲ್ಲಾದರೂ ಬಿಟ್ಟುಹೋಗುವವರ ಸ್ವಂತ ನಂಬರ್ ಕೊಟ್ಟಿದ್ದರೆ ಅವರು ಹೋಗುವ ಮೊದಲೇ ಬದಲಿಸಬೇಕು. ನಂಬರ್ ಬದಲಿಸಲು ಹಳೆಯ ನಂಬರಿಗೇ ಒಟಿಪಿ ಬೇಕೆನ್ನುವ ಪೋರ್ಟಲ್‌ಗಳೂ ಇವೆ.

ಇದನ್ನೆಲ್ಲ ಕೊನೆಯ ದಿನ ಬರೆಯಲು ಕೂತರೆ ಆಗದು. ನೋಟಿಸ್ ಪೀರಿಯಡ್‌ನ ಕೊನೆಯ ಎರಡು ವಾರ ಉಳಿದಿರುವಾಗ ಶುರುಮಾಡಿ, ಕೊನೆಯ ಮೂರು ದಿನ ಹೊಸಬರೇ ಉತ್ತರ ಬರೆಯುವುದು, ಹಳಬರು ಪಕ್ಕದಲ್ಲಿ ಕೂತು ನೋಡುವುದು ಎಂದಿಟ್ಟುಕೊಂಡರೆ ನೋಟಿನಲ್ಲಿ ಬಿಟ್ಟುಹೋದದ್ದು ಆಗಲೇ ಗೊತ್ತಾಗುತ್ತದೆ. ಹೊಸಬರು ಕೇಳುವ ಪ್ರತಿ ಪ್ರಶ್ನೆಯೂ ನೋಟಿಗೆ ಸೇರಬೇಕಾದ ಒಂದು ಸಾಲು. ಅದೇ ದಿನಗಳಲ್ಲಿ ಒಂದು ಪರೀಕ್ಷೆಯನ್ನೂ ಮಾಡಬಹುದು. ಹಳಬರ ಲ್ಯಾಪ್‌ಟಾಪಿನಲ್ಲಿ ಔಟ್‌ಲುಕ್ ಮುಚ್ಚಿಟ್ಟು, ಹೊರಗಿನ ಒಂದು ಖಾತೆಯಿಂದ ‘Invoice test’ ಎಂಬ ಮೇಲ್ ಕಳಿಸಿ, ಅದು ಎಲ್ಲಿ ಬಂದು ಬೀಳುತ್ತದೆ ಎಂದು ಹೊಸಬರ ಕಂಪ್ಯೂಟರಿನಲ್ಲಿ ನೋಡುವುದು. ನೋಟಿನಲ್ಲಿ ಹೇಳಿದ ಫೋಲ್ಡರಿಗೇ ಬಂದರೆ ಆ ರೂಲ್ ಸರ್ವರ್‌ನಲ್ಲಿದೆ ಎಂದರ್ಥ.

ನೋಟನ್ನು ಇಡಬೇಕಾದದ್ದು ವಿಭಾಗದ ಹಂಚಿಕೆಯ ಫೋಲ್ಡರಿನಲ್ಲಿ, ಬಿಟ್ಟುಹೋಗುವವರ ಸ್ವಂತ ಡ್ರೈವ್‌ನಲ್ಲಿ ಅಲ್ಲ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಬಳಕೆದಾರರ ಖಾತೆಯನ್ನು 20 ದಿನದವರೆಗೆ ಮಾತ್ರ ಮರಳಿ ಪಡೆಯಬಹುದು, ಮೈಕ್ರೋಸಾಫ್ಟ್ 365ರಲ್ಲಿ 30 ದಿನ. ಜುಲೈ 21ರ ಗಡುವಿನ ಬಿಲ್‌ಗೆ ಬೇಕಾದ ಮೇಲ್ ಆ ಖಾತೆಯಲ್ಲಷ್ಟೇ ಇದ್ದರೆ, ಖಾತೆ ಅಳಿಸುವ ಮುಂಚೆ ಅದನ್ನು ಅಕೌಂಟ್ಸ್ ಮೇಲ್‌ಬಾಕ್ಸಿಗೆ ಫಾರ್ವರ್ಡ್ ಮಾಡಿ, ಹಾಗೆ ಮಾಡಿದ ದಿನಾಂಕವನ್ನು ನೋಟಿನಲ್ಲಿ ಆ ಥ್ರೆಡ್‌ನ ಕೆಳಗೆ ಬರೆದಿಡಬೇಕು.