ಪದ ಪರಿಚಯ: ಅಡುಗೆಯ ಅಳತೆಯಲ್ಲಿ ಗುಣಕ

ಅಡುಗೆ ಪುಸ್ತಕದಲ್ಲಿ 'ನಾಲ್ಕು ಮಂದಿಗೆ' ಎಂದು ಬರೆದಿರುತ್ತದೆ, ಮನೆಯಲ್ಲಿ ಉಣ್ಣುವವರು ಇಬ್ಬರು. ಅಥವಾ ಊರಿನಿಂದ ನೆಂಟರು ಬಂದಿದ್ದಾರೆ, ಎಂಟು ತಟ್ಟೆ ಹಾಕಬೇಕು. ಬರೆದಿರುವ ಅಳತೆಗಳನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ ನಮಗೆ ಬೇಕಾದ ಅಳತೆ ಬರುತ್ತದೋ ಆ ಸಂಖ್ಯೆಗೆ ಗುಣಕ ಎನ್ನುತ್ತಾರೆ. ಅದನ್ನು ಕಂಡುಕೊಳ್ಳಲು ಬೇಕಾದ ಮಂದಿಯನ್ನು ಬರೆದಿರುವ ಮಂದಿಯಿಂದ ಭಾಗಿಸಿದರೆ ಆಯಿತು. ಇಬ್ಬರಿಗಾದರೆ 2 ಭಾಗ 4, ಅಂದರೆ ½. ಎಂಟು ಮಂದಿಗಾದರೆ 8 ಭಾಗ 4, ಅಂದರೆ 2.

ಲೆಕ್ಕ ಇಷ್ಟೇ. ಆದರೂ ಅರ್ಧ ಮಾಡಿದ ಉಪ್ಪಿಟ್ಟು ಉದುರುದುರಾಗಿ ಒಣಗುತ್ತದೆ, ಇಮ್ಮಡಿ ಮಾಡಿದ ಉಪ್ಪಿಟ್ಟು ಮುದ್ದೆಯಾಗುತ್ತದೆ. ಗುಣಕವು ಪಾತ್ರೆಯೊಳಗೆ ಹೋಗುವ ಪದಾರ್ಥಕ್ಕೆ ಮಾತ್ರ ಹೊಂದುತ್ತದೆ. ಪಾತ್ರೆಯ ಅಗಲಕ್ಕೂ ಒಲೆಯ ಉರಿಗೂ ಹಬೆಯಾಗಿ ಹೋಗುವ ನೀರಿಗೂ ಅದು ಗೊತ್ತಿಲ್ಲ. ಈ ಹಾಳೆಯಲ್ಲಿ ಉಪ್ಪಿಟ್ಟನ್ನೇ ಹಿಡಿದು ಎರಡನ್ನೂ ನೋಡೋಣ.

ನಾಲ್ಕು ಮಂದಿಗೆ ನಮ್ಮ ತರಗತಿಯ ಅಳತೆ ಹೀಗಿದೆ: ಮಧ್ಯಮ ರವೆ 1½ ಕಪ್, ನೀರು 3¾ ಕಪ್, ಎಣ್ಣೆ ¼ ಕಪ್, ತೆಂಗಿನತುರಿ ⅓ ಕಪ್, ಉಪ್ಪು 1½ ಟೀ ಚಮಚ, ಸಾಸಿವೆ 1 ಟೀ ಚಮಚ, ಕಡಲೆಬೇಳೆ ಮತ್ತು ಉದ್ದಿನಬೇಳೆ ತಲಾ 1 ಟೇಬಲ್ ಚಮಚ, ಹಸಿಮೆಣಸಿನಕಾಯಿ 3, ದೊಡ್ಡ ಈರುಳ್ಳಿ 1, ಒಂದು ಎಸಳು ಕರಿಬೇವು, ಕೊನೆಗೆ ನಿಂಬೆರಸ 1 ಟೇಬಲ್ ಚಮಚ. ಕಪ್ ಎಂದರೆ 240 ಮಿಲಿಲೀಟರ್, ಟೇಬಲ್ ಚಮಚ 15, ಟೀ ಚಮಚ 5. ಹಾಗಾಗಿ ಮೂರು ಟೀ ಚಮಚ ಸೇರಿದರೆ ಒಂದು ಟೇಬಲ್ ಚಮಚ, ಹದಿನಾರು ಟೇಬಲ್ ಚಮಚ ಸೇರಿದರೆ ಒಂದು ಕಪ್. ಈ ಎರಡು ಸಂಬಂಧ ಬಾಯಿಗೆ ಬಂದರೆ ಅರ್ಧದ ಲೆಕ್ಕದಲ್ಲಿ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ.

ಅರ್ಧ ಮಾಡುವ ಬಗೆ

ಭಿನ್ನರಾಶಿಯನ್ನು ಅರ್ಧ ಮಾಡಲು ಕೆಳಗಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಮೇಲಿನದನ್ನು ಮುಟ್ಟಬೇಡಿ. ¼ರ ಅರ್ಧ ⅛, ⅓ರ ಅರ್ಧ ⅙, ¾ರ ಅರ್ಧ ⅜. ಪೂರ್ಣಸಂಖ್ಯೆಯ ಜೊತೆ ಭಿನ್ನರಾಶಿ ಇದ್ದರೆ ಎರಡನ್ನೂ ಬೇರೆ ಬೇರೆ ಅರ್ಧ ಮಾಡಿ ಕೂಡಿಸಿ. ಒಂದೂವರೆಯಲ್ಲಿ ಒಂದರ ಅರ್ಧ ½, ಅರ್ಧದ ಅರ್ಧ ¼, ಎರಡೂ ಸೇರಿ ಮುಕ್ಕಾಲು. ಆದ್ದರಿಂದ ಇಬ್ಬರಿಗೆ ರವೆ ¾ ಕಪ್. ಉಪ್ಪೂ ಹಾಗೆಯೇ ¾ ಟೀ ಚಮಚ. ಮುಕ್ಕಾಲಿನ ಚಮಚ ಯಾವ ಅಳತೆಯ ಗೊಂಚಲಿನಲ್ಲಿಯೂ ಸಾಮಾನ್ಯವಾಗಿ ಇರುವುದಿಲ್ಲ, ಅರ್ಧದ ಚಮಚ ಒಮ್ಮೆ, ಕಾಲಿನ ಚಮಚ ಒಮ್ಮೆ ಹಾಕಿ.

ನಮ್ಮ ಹಳೆಯ ಅಡುಗೆಮನೆಗಳಿಗೆ ಇದು ಹೊಸ ವಿದ್ಯೆಯೇನಲ್ಲ. ಅರೆಪಾವು, ಪಾವು, ಅಚ್ಚೇರು, ಸೇರು ಎಂಬ ಅಳತೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಪ್ರತಿಯೊಂದೂ ಹಿಂದಿನದರ ಇಮ್ಮಡಿ. ಒಂದು ಸೇರಿನ ಅಳತೆಯನ್ನು ಅರ್ಧ ಮಾಡಬೇಕಾದವರು ಕಾಗದ ಹುಡುಕದೆ ಸಾಲಿನಲ್ಲಿ ಒಂದು ಮೆಟ್ಟಿಲು ಇಳಿದು ಅಚ್ಚೇರನ್ನು ಎತ್ತಿಕೊಳ್ಳುತ್ತಿದ್ದರು. ಕಪ್ಪಿನ ಗೊಂಚಲಿನಲ್ಲಿ ಒಂದು, ಅರ್ಧ, ಕಾಲಿನ ನಡುವೆ ಮೂರರಲ್ಲೊಂದರ ಕಪ್ ಬಂದು ನುಗ್ಗಿರುವುದರಿಂದಲೇ ತೊಡಕು.

ಆ ಮೂರರಲ್ಲೊಂದು ನಮ್ಮ ತೆಂಗಿನತುರಿಯಲ್ಲಿದೆ. ⅓ ಕಪ್ಪಿನ ಅರ್ಧ ⅙ ಕಪ್, ಆದರೆ ಅಂಥ ಕಪ್ ಅಂಗಡಿಯಲ್ಲಿ ಸಿಗುವುದು ಕಷ್ಟ. ಆಗ ಚಮಚಕ್ಕೆ ಇಳಿಯಬೇಕು. 240ರಲ್ಲಿ ಆರನೆಯ ಒಂದು ಪಾಲು 40 ಮಿಲಿಲೀಟರ್. ಎರಡು ಟೇಬಲ್ ಚಮಚಕ್ಕೆ 30, ಎರಡು ಟೀ ಚಮಚಕ್ಕೆ 10, ಸರಿಯಾಗಿ 40. ಎಣ್ಣೆ ಇನ್ನೂ ಸುಲಭ: ಕಾಲು ಕಪ್ಪಿಗೆ ನಾಲ್ಕು ಟೇಬಲ್ ಚಮಚ, ಅರ್ಧಕ್ಕೆ ಎರಡು. ತೆಂಗಿನತುರಿಯಲ್ಲಿ ಒಂದು ಚಮಚ ಹೆಚ್ಚುಕಡಿಮೆಯಾದರೆ ಯಾರೂ ದೂರುವುದಿಲ್ಲ ಎನ್ನುವುದೂ ನಿಜವೇ. ಈ ಲೆಕ್ಕವನ್ನು ಕಲಿಯುವುದು ಮುಂದೆ ಕೇಕಿನ ಸೋಡಾ ಪುಡಿ ಅಳೆಯುವಾಗ ಬೇಕಾಗುತ್ತದೆ ಎಂದು, ಅಲ್ಲಿ ಅರ್ಧ ಚಮಚ ಹೆಚ್ಚಾದರೂ ಬಾಯಿಗೆ ಗೊತ್ತಾಗುತ್ತದೆ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ ಅಲ್ಲ, ಮರೆವಿನಲ್ಲಿ. ರವೆಯನ್ನು ಅರ್ಧ ಮಾಡಿ ಹುರಿದಿರುತ್ತಾರೆ, ಉಪ್ಪಿನ ಹೊತ್ತಿಗೆ ಕಣ್ಣು ಪುಸ್ತಕದ ಮೇಲಿರುತ್ತದೆ, ಕೈ ಅಲ್ಲಿ ಬರೆದ ಒಂದೂವರೆ ಚಮಚವನ್ನೇ ಹಾಕುತ್ತದೆ. ಒಲೆ ಹಚ್ಚುವ ಮೊದಲೇ ಪ್ರತಿ ಪದಾರ್ಥದ ಎದುರು ಹೊಸ ಅಳತೆಯನ್ನು ಪೆನ್ಸಿಲ್ಲಿನಲ್ಲಿ ಬರೆದು, ಮುದ್ರಿತ ಅಳತೆಯ ಮೇಲೆ ಗೀಟು ಎಳೆಯಿರಿ.

ನೀರಿನ ವಿಚಾರ

3¾ ಕಪ್ಪಿನ ಅರ್ಧ ಎಷ್ಟು? ಮೂರರ ಅರ್ಧ 1½, ಮುಕ್ಕಾಲಿನ ಅರ್ಧ ⅜, ಒಟ್ಟು 1⅞ ಕಪ್. ಅಂದರೆ ಎರಡು ಕಪ್ಪಿಗೆ ಎರಡು ಟೇಬಲ್ ಚಮಚ ಕಡಿಮೆ. ಲೆಕ್ಕದ ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ಸಿಗುತ್ತದೆ, ಬಾಣಲೆಯಲ್ಲಿ ಸಿಗುವುದಿಲ್ಲ.

ಕಾರಣ ಇದು. ನೀರು ಕುದಿಯುವಾಗ ಒಂದಿಷ್ಟು ಹಬೆಯಾಗಿ ಹೋಗುತ್ತದೆ. ಎಷ್ಟು ಹೋಗುತ್ತದೆ ಎನ್ನುವುದು ಬಾಣಲೆಯ ಬಾಯಿ ಎಷ್ಟು ಅಗಲ, ಉರಿ ಎಷ್ಟು, ಎಷ್ಟು ಹೊತ್ತು ಕುದಿಯಿತು ಎನ್ನುವುದರ ಮೇಲೆ ನಿಂತಿದೆ. ನಾವು ಎಷ್ಟು ನೀರು ಸುರಿದೆವು ಎನ್ನುವುದಕ್ಕೆ ಅಲ್ಲಿ ಹೆಚ್ಚು ಬೆಲೆಯಿಲ್ಲ. ನಾಲ್ಕು ಮಂದಿಯ ಉಪ್ಪಿಟ್ಟಿನಲ್ಲಿ ಕಾಲು ಕಪ್ ಹೀಗೆ ಹಾರಿತು ಎಂದುಕೊಳ್ಳಿ. ರವೆಗೆ ಉಳಿದದ್ದು 3½ ಕಪ್, ಅಂದರೆ ಈ ಹದಕ್ಕೆ ರವೆ ನಿಜವಾಗಿ ಕುಡಿಯುವ ನೀರು ಅಷ್ಟು. ಇಬ್ಬರಿಗೆ ಅದರ ಅರ್ಧ, 1¾ ಕಪ್ ಉಳಿಯಬೇಕು. ಅದೇ ಬಾಣಲೆಯಲ್ಲಿ ಅಷ್ಟೇ ಹೊತ್ತು ಕುದಿಸಿದರೆ ಈ ಸಲವೂ ಕಾಲು ಕಪ್ಪಿನ ಆಸುಪಾಸಿನಲ್ಲೇ ಹೋಗುತ್ತದೆ. ಹಾಗಾದರೆ ಸುರಿಯಬೇಕಾದದ್ದು 1¾ ಕೂಡಿಸು ¼, ಎರಡು ಕಪ್. 1⅞ ಸುರಿದವರಿಗೆ ಉಳಿಯುವುದು 1⅝ ಮಾತ್ರ. ಆ ಎರಡು ಚಮಚದ ಕೊರತೆಯೇ ತಟ್ಟೆಯಲ್ಲಿ ಗಂಟಲು ಹಿಡಿಯುವ ಉಪ್ಪಿಟ್ಟಾಗಿ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಕುದಿಯುವ ನೀರಿಗೆ ಗುಣಕ ಹಾಕುವ ಮೊದಲು ಹಬೆಯ ಪಾಲನ್ನು ಕಳೆಯಿರಿ, ಉಳಿದದ್ದನ್ನು ಗುಣಿಸಿ, ಆಮೇಲೆ ಹಬೆಯ ಪಾಲನ್ನು ಮತ್ತೆ ಕೂಡಿಸಿ. ನಿಮ್ಮ ಮನೆಯ ಹಬೆಯ ಪಾಲು ಎಷ್ಟೆಂದು ತಿಳಿಯಲು ಒಮ್ಮೆ ಬರಿಯ ನೀರನ್ನು ಅಳೆದು ಬಾಣಲೆಗೆ ಹಾಕಿ, ಉಪ್ಪಿಟ್ಟಿಗೆ ಕುದಿಸುವಷ್ಟು ಹೊತ್ತು ಕುದಿಸಿ, ಆರಿದ ಮೇಲೆ ಮತ್ತೆ ಅಳೆಯಿರಿ. ಮುಚ್ಚಿದ ಕುಕ್ಕರಿನಲ್ಲಿ ಹಬೆ ಹೋಗುವುದು ಕಡಿಮೆಯಾದ್ದರಿಂದ ಅಲ್ಲಿ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇಮ್ಮಡಿ ಮಾಡುವಾಗ

ಇಲ್ಲಿ ಮೇಲಿನ ಸಂಖ್ಯೆಯನ್ನು ಎರಡರಿಂದ ಗುಣಿಸಬೇಕು. ⅓ ಕಪ್ ತುರಿ ⅔ ಆಗುತ್ತದೆ. ¼ ಕಪ್ ಎಣ್ಣೆ ²⁄₄, ಅಂದರೆ ½ ಕಪ್. ಉಪ್ಪು ಒಂದೂವರೆಯ ಎರಡರಷ್ಟು, ಮೂರು ಟೀ ಚಮಚ. ಮೂರು ಸಲ ಅಳೆಯುವ ಬದಲು ಒಂದು ಟೇಬಲ್ ಚಮಚ ಹಾಕಿದರೆ ಮುಗಿಯಿತು. ರವೆ 3 ಕಪ್.

ನೀರಿನ ಲೆಕ್ಕ 7½ ಎಂದು ಹೇಳುತ್ತದೆ. ಮೇಲಿನ ವಿಧಾನ ಹಿಡಿದರೆ 3½ರ ಇಮ್ಮಡಿ 7, ಅದಕ್ಕೆ ಹಬೆಯ ಕಾಲು ಕಪ್ ಸೇರಿ 7¼. ಆದರೆ ಎಂಟು ಮಂದಿಗೆ ದೊಡ್ಡ ಪಾತ್ರೆ ಇಡುತ್ತೀರಿ, ಅದರ ಬಾಯಿ ಅಗಲ, ಕುದಿ ಬರುವುದೂ ತಡ, ಹಬೆ ಕಾಲು ಕಪ್ಪಿಗಿಂತ ಸ್ವಲ್ಪ ಹೆಚ್ಚೇ ಹೋಗಬಹುದು. ಸರಿಯಾದ ಉತ್ತರ 7 ಮತ್ತು 7½ರ ನಡುವೆ ಎಲ್ಲೋ ಇದೆ. ನನ್ನ ಪದ್ಧತಿ ಇಷ್ಟು: ಏಳು ಕಪ್ ಪಾತ್ರೆಗೆ, ಅರ್ಧ ಕಪ್ ಪಕ್ಕದ ಒಲೆಯಲ್ಲಿ ಬಿಸಿಯಾಗಿ. ರವೆ ಹಾಕಿ ಕೈಯಾಡಿಸಿದ ಮೇಲೆ ಸೌಟು ಎಳೆದ ಗೆರೆ ಹಾಗೆಯೇ ಬಿರುಕಾಗಿ ನಿಂತರೆ ಆ ನೀರನ್ನು ಸೇರಿಸಿ, ಗೆರೆ ನಿಧಾನವಾಗಿ ಕೂಡಿಕೊಂಡರೆ ಬೇಡ. ತಣ್ಣೀರು ಸೇರಿಸಿದರೆ ರವೆ ಬೇಯುವುದು ನಿಂತು ಅಂಟಂಟಾಗುತ್ತದೆ.

ಪಾತ್ರೆ ಎಷ್ಟು ದೊಡ್ಡದಿರಬೇಕು ಎನ್ನುವಲ್ಲಿ ಕಣ್ಣು ಮೋಸ ಮಾಡುತ್ತದೆ. ಇಮ್ಮಡಿ ಅಡುಗೆಗೆ ಇಮ್ಮಡಿ ಅಗಲದ ಪಾತ್ರೆ ಬೇಡ. ಅಡ್ಡಳತೆ ಎರಡರಷ್ಟಾದರೆ ತಳದ ವಿಸ್ತಾರ ನಾಲ್ಕರಷ್ಟಾಗುತ್ತದೆ, ಉಪ್ಪಿಟ್ಟು ತೆಳ್ಳಗೆ ಹರಡಿ ಒಣಗುತ್ತದೆ. 24 ಸೆಂಟಿಮೀಟರಿನ ಬಾಣಲೆಯಲ್ಲಿ ನಾಲ್ಕು ಮಂದಿಗೆ ಮಾಡುವವರಿಗೆ ಎಂಟು ಮಂದಿಗೆ ಸುಮಾರು 34 ಸೆಂಟಿಮೀಟರ್ ಸಾಕು, ಇಬ್ಬರಿಗೆ ಸುಮಾರು 17. ದೊಡ್ಡ ಬಾಣಲೆಯಲ್ಲೇ ಇಬ್ಬರ ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟರೆ ಎರಡು ಚಮಚ ಎಣ್ಣೆ ತಳದಲ್ಲಿ ತೆಳುವಾಗಿ ಹರಡಿ, ಸಾಸಿವೆ ಸಿಡಿಯುವಷ್ಟರಲ್ಲಿ ಉದ್ದಿನಬೇಳೆ ಕರಿದಾಗಿರುತ್ತದೆ.

ಇನ್ನು ಹೊತ್ತು. ಒಂದೇ ಉರಿಯಲ್ಲಿ ಎರಡರಷ್ಟು ನೀರು ಕುದಿಗೆ ಬರಲು ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಬೇಕು. ಆದರೆ ಕುದಿಯುವ ನೀರಿಗೆ ಬಿದ್ದ ರವೆ ಬೇಯುವುದಕ್ಕೆ ಎರಡರಷ್ಟು ಹೊತ್ತು ಬೇಡ, ಏಕೆಂದರೆ ಕಾಳು ದೊಡ್ಡದಾಗಿಲ್ಲ, ಹೆಚ್ಚಾಗಿದೆ ಅಷ್ಟೆ. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಇಡುತ್ತಿದ್ದರೆ ಈಗ ಐದಾರು ನಿಮಿಷ ಸಾಕು. ಎಂಟು ನಿಮಿಷ ಬಿಟ್ಟವರು ತಳ ಕೆರೆಯುತ್ತಾರೆ. ಮೂರು ಕಪ್ ರವೆಯನ್ನು ಒಮ್ಮೆಲೇ ಹುರಿಯಲು ಹೋಗಬೇಡಿ. ತಳದ್ದು ಕೆಂಪಾಗುವಾಗ ಮೇಲಿನದು ಹಸಿಯಾಗಿಯೇ ಇರುತ್ತದೆ, ಹಸಿ ರವೆ ಗಂಟು ಕಟ್ಟುತ್ತದೆ. ಎರಡು ಸಲ ಹುರಿದುಕೊಳ್ಳಿ. ಘಮ ಬಂದು, ರವೆ ಸೌಟಿನಿಂದ ಮರಳಿನಂತೆ ಜಾರಿದರೆ ಆಯಿತು.

ಹಸಿಮೆಣಸಿನಕಾಯಿಯನ್ನು ನಾವು ಅಳೆಯುವುದಿಲ್ಲ, ಎಣಿಸುತ್ತೇವೆ. ಒಂದೊಂದರ ಖಾರ ಒಂದೊಂದು. ಲೆಕ್ಕ ಆರು ಎಂದರೂ ಎಂಟು ಮಂದಿಗೆ ಐದು ಹಾಕಿ ನೀರಿನ ರುಚಿ ನೋಡುವುದು ನನ್ನ ಸಲಹೆ. ರವೆ ಬೀಳುವ ಮೊದಲು ನೀರು ಒಂದಿಷ್ಟು ಉಪ್ಪುಪ್ಪಾಗಿ ಖಾರವಾಗಿಯೇ ಇರಬೇಕು, ರವೆ ಸೇರಿದ ಮೇಲೆ ಎರಡೂ ತಗ್ಗುತ್ತವೆ.

ಆರು ಮಂದಿ ಬಂದರೆ

6 ಭಾಗ 4, ಗುಣಕ 1½. ಹೊಸ ಲೆಕ್ಕವೇನೂ ಬೇಕಾಗಿಲ್ಲ, ಪೂರ್ತಿ ಅಳತೆಗೆ ಅರ್ಧದ ಅಳತೆಯನ್ನು ಕೂಡಿಸಿ. ರವೆ 1½ ಮತ್ತು ¾ ಸೇರಿ 2¼ ಕಪ್. ಉಪ್ಪು 2¼ ಟೀ ಚಮಚ. ತೆಂಗಿನತುರಿ ⅓ ಮತ್ತು ⅙ ಸೇರಿ ಅರ್ಧ ಕಪ್, ಭಿನ್ನರಾಶಿ ಇಷ್ಟು ಚೆನ್ನಾಗಿ ಕೂಡಿಬರುವುದು ಅಪರೂಪ. ನೀರಿಗೆ ಮಾತ್ರ ಹಬೆ ಕಳೆದ ಲೆಕ್ಕ: 3½ರ ಒಂದೂವರೆ ಪಟ್ಟು 5¼, ಅದಕ್ಕೆ ಕಾಲು ಸೇರಿ 5½ ಕಪ್.